ನನ್ನ ಖಾತೆಯಲ್ಲಿದ್ದ ಅಕ್ಕನ ರೊಕ್ಕ

ಬಿ.ಪಿ. ಮಾತ್ರೆ ನುಂಗಲು ನೀರಿನ ಲೋಟ ಎತ್ತಿಕೊಂಡಿದ್ದೆ, ಮೊಬೈಲು ಸದ್ದು ಮಾಡಿತು. ಮೊದಲು ಮಾತ್ರೆ ನುಂಗಿದೆ, ಲೋಟ ತೊಳೆದು ಬೋರಲು ಹಾಕಿದೆ, ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಬ್ಯಾಂಕಿನ ಸಂದೇಶ. ನನ್ನ ಖಾತೆಗೆ ಹದಿನೆಂಟು ಲಕ್ಷಕ್ಕೆ ಸ್ವಲ್ಪ ಮೇಲೆ ಜಮಾ ಆಗಿತ್ತು. ಒಂದೇ ಸಲಕ್ಕೆ, ಒಂದೇ ಸಾಲಿನಲ್ಲಿ.

ಅದು ನನ್ನ ಅಕ್ಕನ ರೊಕ್ಕ. ಕೊಟ್ಟೂರಿನಲ್ಲಿ ಮೂವತ್ತೈದು ವರ್ಷ ಜೋಳದ ರೊಟ್ಟಿ ಬಡಿದು ಮಾರಿ ಕೂಡಿಸಿದ್ದು. ಖಾನಾವಳಿಗಳಿಗೆ ಬಿಸಿರೊಟ್ಟಿ, ಮದುವೆ ಮನೆಗಳಿಗೆ ಒಣಗಿಸಿದ ಕಟಕ್ ರೊಟ್ಟಿ. ಒಲೆಯ ಮುಂದೆ ಕೂತವಳು ಎದ್ದು ಸೊಂಟಕ್ಕೆ ಕೈ ಕೊಟ್ಟು ನಿಂತಾಗ ಮಾತ್ರ ಅವಳು ನನ್ನ ಅಕ್ಕನ ಹಾಗೆ ಕಾಣುತ್ತಿದ್ದಳು. ಉಳಿದ ಹೊತ್ತು ರೊಟ್ಟಿಯವ್ವ. ಚಳಿಗಾಲದ ಒಂದು ಬೆಳಿಗ್ಗೆ ಹಿಟ್ಟು ನಾದುತ್ತಲೇ ಕುಸಿದಳು. ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಎಷ್ಟೋ ಜನರ ನಾಡಿ ಹಿಡಿದಿದ್ದೇನೆ. ಅವಳ ನಾಡಿ ಹಿಡಿಯಲು ನಾನಿರುವ ಹಗರಿಬೊಮ್ಮನಹಳ್ಳಿಯಿಂದ ಬಸ್ಸು ಹತ್ತಿ ಹೋಗುವಷ್ಟರಲ್ಲಿ ಅದು ಇರಲಿಲ್ಲ.

ಅಕ್ಕನಿಗೆ ಮಕ್ಕಳಿರಲಿಲ್ಲ. ಗಂಡ ಮದುವೆಯಾದ ನಾಲ್ಕನೇ ವರ್ಷಕ್ಕೇ ತೀರಿಕೊಂಡಿದ್ದ. ನಾನು ಮದುವೆಯಾಗಲಿಲ್ಲ. ನಮಗೆ ನಾವಿಬ್ಬರೇ. ಬ್ಯಾಂಕಿನ ಠೇವಣಿಗಳಿಗೆಲ್ಲ ಅವಳು ನಾಮಿನಿ ಎಂದು ನನ್ನ ಹೆಸರನ್ನೇ ಬರೆಸಿದ್ದಳು. ಮರಣ ಪ್ರಮಾಣಪತ್ರ, ಠೇವಣಿ ರಸೀದಿಗಳು, ನನ್ನ ಆಧಾರ್, ಒಂದು ಅರ್ಜಿ: ಇಷ್ಟೇ ಕೇಳಿದರು. ಅವಧಿ ಮುಗಿಯದ ಠೇವಣಿಗಳನ್ನೂ ದಂಡ ಹಿಡಿಯದೆ ಮುರಿದುಕೊಟ್ಟರು. ಎಲ್ಲ ಒಟ್ಟಾಗಿ ಆ ಒಂದು ಸಾಲಾಗಿ ಬಂತು.

ಆ ದಿನ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ನನ್ನ ಲೆಕ್ಕದಲ್ಲಿ ಅದು ದೊಡ್ಡ ತಪ್ಪು, ಆದರೆ ಆಗಲಿಲ್ಲ. ಫೋನನ್ನು ಮತ್ತೆ ಮತ್ತೆ ತೆಗೆದು ಆ ಸಂದೇಶ ನೋಡಿದೆ. ರೊಕ್ಕದ ಆಸೆಯಿಂದಲ್ಲ. ನನಗೆ ಪೆನ್ಶನ್ ಬರುತ್ತದೆ, ಖರ್ಚು ಕಡಿಮೆ. ಅಕ್ಕನ ಕೈಯಿಂದ ನನ್ನ ಕೈಗೆ ಬಂದ ಕಡೆಯ ವಸ್ತು ಅದು. ಅವಳ ಸೀರೆಗಳನ್ನು ಅಕ್ಕಪಕ್ಕದವರಿಗೆ ಕೊಟ್ಟಾಗಿತ್ತು, ಬಾಡಿಗೆ ಮನೆ ಬಿಟ್ಟಾಗಿತ್ತು. ಒಂದು ಟ್ರಂಕಿನ ಕಾಗದಗಳನ್ನು ಬಿಟ್ಟರೆ ಉಳಿದದ್ದು ಇದು.

ಇಷ್ಟು ರೊಕ್ಕವನ್ನು ಏನು ಮಾಡಬೇಕೆಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಪೋಸ್ಟಾಫೀಸಿನಲ್ಲಿ ತಿಂಗಳಿಗೆ ಇಷ್ಟು ಎಂದು ಕಟ್ಟುವ ಆರ್.ಡಿ., ಅಷ್ಟೇ ನನ್ನ ಅನುಭವ. ಗೊತ್ತಿದ್ದವರು ಮಾತ್ರ ಬಹಳ ಮಂದಿ ಇದ್ದರು. ಮೂರನೇ ದಿನಕ್ಕೆ ಚಿಕ್ಕಪ್ಪನ ಮಗ ಬಂದ. ಸೈಟು ವ್ಯವಹಾರ ಮಾಡುತ್ತಾನೆ. ಕೂರುವ ಮುಂಚೆಯೇ ಶುರು ಮಾಡಿದ.

“ಅಕ್ಕಾ, ರೊಕ್ಕ ಬ್ಯಾಂಕಿನ್ಯಾಗ ಕೊಳಿಯಾಕ್ ಹತ್ತೈತಲ್ಲ.”

“ನಿನಗ ಯಾರ್ ಹೇಳಿದ್ರು?”

“ಊರಿಗೆ ಗೊತ್ತೈತಿ. ಬೈಪಾಸಿನ ಕಡಿ ಹೊಸಾ ಲೇಔಟ್ ಆಗೈತಿ. ಎರಡು ಸೈಟ್ ಹಿಡಿ. ಮೂರ್ ವರ್ಷಕ್ಕ ಡಬಲ್ಲು, ಬೇಕಂದ್ರ ನಾ ಬರ್ದು ಕೊಡ್ತೀನಿ.”

“ಬರ್ದು ಕೊಡು,” ಎಂದು ಪೆನ್ನು ಮುಂದಿಟ್ಟೆ.

ಅವನು ನಕ್ಕುಬಿಟ್ಟ. “ನೀ ಒಂದು... ಮಾತಿಗೆ ಅಂದ್ರ ಪೆನ್ನು ತಗೀತಿಯಲ್ಲ. ಆಸ್ಪತ್ರ್ಯಾಗ ಪೇಶಂಟ್ ಹೆಂಗ್ ಉಳಿದ್ರೋ ನಿನ್ ಕೈಯಾಗ!”

“ಪೆನ್ನು ತಗದಿದ್ದಕ್ಕ ಉಳಿದ್ರು,” ಎಂದೆ. ಚಾ ಕುಡಿಸಿ ಕಳಿಸಿದೆ. ವಾರ್ಡಿನಲ್ಲಿ ಡಾಕ್ಟರ್ ಬಾಯಲ್ಲಿ ಹೇಳಿ ಹೋದ ಔಷಧಿಯನ್ನು ಚೀಟಿಯಲ್ಲಿ ಬರೆಯುವವರೆಗೆ ನಾನು ಕೊಡುತ್ತಿರಲಿಲ್ಲ. ಆ ಅಭ್ಯಾಸ ಹೋಗಿಲ್ಲ.

ಮರುದಿನ ಬ್ಯಾಂಕಿಗೆ ಹೋದೆ. ಅಲ್ಲಿ ಹರಪನಹಳ್ಳಿ ಕಡೆಯ ಹುಡುಗಿಯೊಬ್ಬಳು ಅಧಿಕಾರಿ. ಮೂವತ್ತು ದಾಟಿರಲಿಕ್ಕಿಲ್ಲ. ಮಾತು ಮೆತ್ತಗೆ, ಕೆಲಸ ಚುರುಕು. ಅವಳು ಏನನ್ನೂ ಮಾರಲು ನೋಡದಿದ್ದದ್ದು ನನಗೆ ಹಿಡಿಸಿತು.

“ಅಮ್ಮಾ, ಮೊದಲನೇದು, ಗಡಿಬಿಡಿ ಮಾಡ್ಬೇಡಿ,” ಎಂದಳು. “ಸಾವಾದ ಮನೇಲಿ ಬಂದ ದುಡ್ಡು. ಮನಸ್ಸು ಸರಿ ಇರಲ್ಲ. ಒಂದು ತಿಂಗಳಾದ್ರೂ ಏನೂ ನಿರ್ಧಾರ ತಗೋಬೇಡಿ. ಯಾರಾದ್ರೂ ಇವತ್ತೇ ಹಾಕ್ಬೇಕು ಅಂದ್ರೆ ಅವರಿಗೆ ಇಲ್ಲ ಅಂತ ಹೇಳಿ.”

“ಹೇಳೀನಿ ನಿನ್ನೆ.”

“ಎಷ್ಟು ಒಳ್ಳೇದಾಯ್ತು.”

ಆಮೇಲೆ ಒಂದು ಕಾಗದ ತೆಗೆದು ತಿಳಿಸಿದಳು. ಎಲ್ಲವನ್ನೂ ಒಂದೇ ಕಡೆ, ಒಂದೇ ಅವಧಿಗೆ ಇಡಬಾರದು. ತುರ್ತಿಗೆಂದು ಒಂದು ಪಾಲು ಕೈಗೆ ಸಿಗುವಂತಿರಬೇಕು. ಬ್ಯಾಂಕಿಗೇ ಏನಾದರೂ ಆದರೆ ವಿಮೆ ಇರುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಮಾತ್ರ. ಅರವತ್ತು ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, ಐದು ವರ್ಷದ್ದು, ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ, ಆದರೆ ನಡುವೆ ಮುರಿದರೆ ಕಡಿತ. ಬಂದ ರೊಕ್ಕಕ್ಕೆ ತೆರಿಗೆ ಇಲ್ಲ, ಅದರಿಂದ ಹುಟ್ಟುವ ಬಡ್ಡಿ ಮಾತ್ರ ಆದಾಯಕ್ಕೆ ಸೇರುತ್ತದೆ. ನಾನು ಎಲ್ಲವನ್ನೂ ಬರೆದುಕೊಂಡೆ. ಮನೆಗೆ ಬಂದು ಶುದ್ಧಪ್ರತಿ ಮಾಡಿದೆ. ಐದು ವಾರ ದಿನವೂ ಬೆಳಿಗ್ಗೆ ಆ ಹಾಳೆ ತೆಗೆದು ಓದಿದೆ. ಒಂದು ಪಾಲು ಹಿರಿಯರ ಯೋಜನೆಗೆ, ಒಂದು ಪಾಲು ಒಂದು ವರ್ಷದ ಠೇವಣಿಗೆ, ಒಂದು ಪಾಲು ಎರಡು ವರ್ಷದ್ದಕ್ಕೆ, ಸ್ವಲ್ಪ ಹಾಗೆಯೇ. ನನಗೆ ಸಮಾಧಾನವಾಗಿತ್ತು. ಅಕ್ಕನ ರೊಟ್ಟಿ ಕೆಡದ ಹಾಗೆ ಒಣಗಿಸಿ ಜೋಡಿಸಿಟ್ಟಂತೆ.

ನಾನು ಅಕ್ಕನನ್ನು ನೋಡಲು ಹೋಗುತ್ತಿದ್ದದ್ದು ತಿಂಗಳಿಗೊಮ್ಮೆ, ಎರಡನೇ ಭಾನುವಾರ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮೂರೂವರೆಯ ಬಸ್ಸಿಗೆ ವಾಪಸ್ಸು. ಡ್ಯೂಟಿಯಲ್ಲಿದ್ದಾಗ ಬೇರೆ ದಿನ ಸಿಗುತ್ತಿರಲಿಲ್ಲ, ನಿವೃತ್ತಳಾದ ಮೇಲೂ ಅದನ್ನೇ ಮುಂದುವರಿಸಿದೆ. ಅಕ್ಕ ಎಷ್ಟೋ ಸಲ ಅಂದಿದ್ದಳು:

“ಇನ್ನೇನ್ ಡ್ಯೂಟಿ ನಿಂದು? ಇವತ್ತ ಇರು. ನಾಳಿ ಹೋಗಿಯಂತಿ.”

“ನಾಳಿ ಗ್ಯಾಸಿನವ ಬರ್ತಾನ.”

“ಗ್ಯಾಸಿನವಗಿಂತ ಕಡಿಮಿ ಆದ್ನೇನ ನಾನು?” ಎಂದು ನಗುತ್ತಿದ್ದಳು. ನಾನೂ ನಕ್ಕು ಬಸ್ಸು ಹತ್ತುತ್ತಿದ್ದೆ. ಆ ಗ್ಯಾಸಿನವನು ಒಂದು ದಿನ ಬಿಟ್ಟು ಬಂದಿದ್ದರೆ ಏನು ಮುಳುಗುತ್ತಿತ್ತು ಎಂದು ಈಗ ಕೇಳಿಕೊಳ್ಳುತ್ತೇನೆ.

ಐದು ವಾರ ಕಳೆದ ಮೇಲೆ ಹಾಳೆ ಹಿಡಿದು ಬ್ಯಾಂಕಿಗೆ ಹೋದೆ. ಅಧಿಕಾರಿ ಹುಡುಗಿ ಓದಿ, “ಇದಕ್ಕಿಂತ ಚೆನ್ನಾಗಿ ನಾನೂ ಮಾಡ್ತಿರಲಿಲ್ಲ” ಎಂದು ಮೆಚ್ಚಿ, ಠೇವಣಿ ಅರ್ಜಿಗಳನ್ನು ಕೊಟ್ಟಳು. ನಾನು ಒಂದೊಂದೇ ಅಂಕಣ ತುಂಬುತ್ತ ಬಂದೆ. ಹೆಸರು, ವಿಳಾಸ, ಪ್ಯಾನ್, ಮೊತ್ತ, ಅವಧಿ. ನಾಮಿನಿಯ ಅಂಕಣದಲ್ಲಿ ಕೈ ನಿಂತಿತು.

ಇಷ್ಟು ವರ್ಷ ನನ್ನ ಎಲ್ಲ ಅರ್ಜಿಗಳಲ್ಲಿ ಆ ಜಾಗಕ್ಕೆ ಒಂದೇ ಹೆಸರು ಬರೆದಿದ್ದೆ, ಅಕ್ಕನದು. ಕೈಗೆ ಅದೊಂದೇ ಗೊತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದಿರಬೇಕು, ಹುಡುಗಿ ನೋಡಿದಳು.

“ಯಾಕಮ್ಮಾ?”

“ಯಾರೂ ಇಲ್ಲವ್ವ ಬರಿಯಾಕ. ಖಾಲಿ ಬಿಡಬೌದೇನು?”

“ಬಿಡಬಹುದು, ಆದ್ರೆ ಬಿಡಬೇಡಿ. ನಂಬಿಕೆ ಇರೋ ಯಾರದಾದ್ರೂ ಬರೀರಿ. ನಾಮಿನಿ ಅಂದ್ರೆ ಮಾಲೀಕರೇನಲ್ಲ. ಬ್ಯಾಂಕು ಯಾರ ಕೈಗೆ ಕೊಡಬೇಕು ಅಂತ ಒಂದು ಹೆಸರು, ಅಷ್ಟೆ. ಅವರು ತಗೊಂಡು ವಾರಸುದಾರರಿಗೆ ಕೊಡಬೇಕು.”

ನಾನು ಪೆನ್ನಿನ ಮುಚ್ಚಳ ಹಾಕಿದೆ. “ಹಂಗಾದ್ರ ನಮ್ಮಕ್ಕ ನನ್ನ ಹೆಸರು ಬರಿಸಿದ್ದು?”

ಅವಳ ಮುಖದಲ್ಲಿ ಏನೋ ಬದಲಾಯಿತು. ಹೇಳಬಾರದ್ದು ಹೇಳಿದೆನೇನೋ ಎಂಬಂತೆ.

“ಅಕ್ಕಾರು ವಿಲ್ ಬರೆದಿದ್ರಾ?”

“ಇಲ್ಲ.”

“ಮಕ್ಕಳು?”

“ಇಲ್ಲ. ಗಂಡನೂ ಇಲ್ಲ. ನಾನ ಒಬ್ಬಾಕಿ.”

“ಹಾಗಾದ್ರೆ ನಿಮಗೇ ಬರಬಹುದು,” ಎಂದಳು. ಬರಬಹುದು ಎಂಬ ಮಾತು ನನಗೆ ಹಿಡಿಸಲಿಲ್ಲ. ಅವಳೇ ಸ್ವಲ್ಪ ತಡೆದು, “ಯಾವುದಕ್ಕೂ ಒಂದ್ಸಲ ವಕೀಲರನ್ನ ಕೇಳಿಬಿಡಿ ಅಮ್ಮಾ. ಐದು ವರ್ಷಕ್ಕೆ ಹಾಕಿ ಆಮೇಲೆ ಮುರಿಯೋ ಹಾಗೆ ಆಗ್ಬಾರದು” ಎಂದಳು.

ಅರ್ಜಿಗಳನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು ಕೋರ್ಟಿನ ಎದುರಿನ ವಕೀಲರ ಬಳಿ ಹೋದೆ. ಅವರ ತಾಯಿಗೆ ನಾನು ವಾರಗಟ್ಟಲೆ ಡ್ರೆಸ್ಸಿಂಗ್ ಮಾಡಿದ್ದೆ, ಹಾಗಾಗಿ ಕಾಯಿಸಲಿಲ್ಲ. ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸಿಸ್ಟರಮ್ಮಾರ, ನಿಮಗ ಬ್ಯಾಸರ ಆಗೋ ಮಾತು ಐತಿ. ಹೇಳ್ಲೇನು?”

“ಹೇಳ್ರಿ. ಇಂಜೆಕ್ಷನ್ ಕೊಟ್ಟು ರೂಢಿ ಐತಿ, ತಗಳ್ಳೋದೂ ಗೊತ್ತೈತಿ.”

“ಹಿಂದೂ ಹೆಣ್ಮಗಳು, ವಿಲ್ ಬರ್ದಿಲ್ಲ, ಗಂಡ ಮಕ್ಕಳು ಇಲ್ಲ. ಆಕಿ ಸ್ವಂತ ದುಡಿದಿದ್ದು ಗಂಡನ ಕಡಿಯವರಿಗೆ ಹೋಗ್ತೈತಿ. ತವರಿನವ್ರು ಅವರ ನಂತರ. ಗಂಡನ ಕಡಿ ಯಾರ ಅದಾರ?”

“ಒಬ್ಬ ಮೈದುನ. ಇಟ್ಟಿಗಿಯಾಗ.”

“ಮತ್ಯಾರೂ ಇಲ್ಲ?”

“ಅತ್ತಿ ಮಾವ ಎಂದೋ ಹೋಗ್ಯಾರ. ಅವ್ರಿಬ್ರ ಅಣ್ಣತಮ್ಮ.”

“ಹಂಗಾರ ಅವನದು.”

ಇಟ್ಟಿಗಿ ಹಡಗಲಿ ತಾಲೂಕಿನ ಹಳ್ಳಿ. ಅಕ್ಕ ಅಲ್ಲಿ ಸೊಸೆಯಾಗಿ ಇದ್ದದ್ದು ನಾಲ್ಕು ವರ್ಷ. ಗಂಡ ಸತ್ತ ಮೇಲೆ ಆ ಮನೆಯವರು ಅವಳನ್ನು ಉಳಿಸಿಕೊಳ್ಳಲಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಆಡುತ್ತಿದ್ದ ಮಾತು. ನಾನೂ ಅದನ್ನೇ ಆಡುತ್ತ ಬಂದಿದ್ದೆ. ರೊಟ್ಟಿ ಬಡಿಯುವ ಅಕ್ಕನ ಹಿಂದೆ ಆ ಮನೆಯ ನೆರಳು ಕೂಡ ಸುಳಿದದ್ದನ್ನು ನಾನು ಕಂಡಿರಲಿಲ್ಲ.

ವಕೀಲರು ನನ್ನ ಮುಖ ನೋಡಿ ಇನ್ನೊಂದು ಮಾತು ಕೇಳಿದರು. “ಆ ರೊಕ್ಕದಾಗ ನಿಮ್ಮಪ್ಪ ಅಮ್ಮನಿಂದ ಆಕಿಗೆ ಪಾಲಾಗಿ ಬಂದಿದ್ದು ಏನಾದ್ರೂ ಐತೇನು? ಅದಾದ್ರ ಲೆಕ್ಕ ಬ್ಯಾರೆ. ಅದು ತವರಿಗೆ ತಿರುಗಿ ಬರ್ತೈತಿ.”

ಐತಿ ಎಂದರೆ ಸಾಕಿತ್ತು. ಯಾರು ಅಲ್ಲಗಳೆಯುತ್ತಿದ್ದರು? ನಮ್ಮಪ್ಪನ ಹೊಲ ಮಾರಿದ ರೊಕ್ಕದಲ್ಲಿ ಅಕ್ಕನಿಗೆ ಇಷ್ಟು ಬಂತು ಎಂದು ಹೇಳಲು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ನಮ್ಮಪ್ಪನಿಗೆ ಹೊಲವೇ ಇರಲಿಲ್ಲ.

“ಇಲ್ರಿ,” ಎಂದೆ.

“ರೊಕ್ಕ ನಿಮ್ಮ ಖಾತೆದಾಗ ಐತಿ. ಅವಗೆ ಈ ಕಾಯ್ದೆ ಗೊತ್ತಿರಂಗಿಲ್ಲ. ಸುಮ್ನಿರ್ರಿ ಅಂತ ನಿಮಗ ಹೇಳೋರು ಬಾಳ ಮಂದಿ ಸಿಗ್ತಾರ. ನಾನು ವಕೀಲ, ಹಂಗ ಹೇಳಂಗಿಲ್ಲ. ಏನರ ಮಾಡ್ರಿ, ಒಂದು ಮಾತ್ರ ಕೇಳ್ರಿ. ನಿಮ್ಮ ಪೆನ್ಶನ್ ಜೋಡಿ ಅದನ್ನ ಕಲಸಬ್ಯಾಡ್ರಿ. ಬ್ಯಾರೆ ಇಡ್ರಿ.”

ಮರುದಿನವೇ ಬ್ಯಾಂಕಿಗೆ ಹೋಗಿ ಇಡೀ ಮೊತ್ತವನ್ನು ತೊಂಬತ್ತೊಂದು ದಿನದ ಒಂದು ಠೇವಣಿಯಾಗಿ ಬೇರೆ ಇಟ್ಟೆ. ಈ ಸಲ ನಾಮಿನಿಯ ಅಂಕಣದಲ್ಲಿ ಇಟ್ಟಿಗಿಯ ಮೈದುನನ ಹೆಸರು ಬರೆದೆ. ನನಗೆ ಅರವತ್ತೆಂಟು. ಮೂರು ತಿಂಗಳಲ್ಲಿ ನನಗೇನಾದರೂ ಆದರೆ ಚಿಕ್ಕಪ್ಪನ ಮಗನ ಲೇಔಟಿಗೆ ಅದು ಹೋಗಬಾರದಲ್ಲ.

ಆಮೇಲೆ ವಿಲ್ ಹುಡುಕಿದೆ. ವಿಲ್ಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಅವಳ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು ಎಂದು ವಕೀಲರು ಹೇಳಿದ್ದರು. ಅವಳ ಮನೆಯಿಂದ ತಂದ ಟ್ರಂಕಿನಲ್ಲಿ ಒಂದೊಂದೇ ಕಾಗದ ಬಿಡಿಸಿ ನೋಡಿದೆ. ಕರೆಂಟ್ ಬಿಲ್ಲು, ಕನ್ನಡಕದ ಚೀಟಿ, ನಾನು ಅವಳಿಗೆ ಬರೆದುಕೊಟ್ಟಿದ್ದ ಮಾತ್ರೆಗಳ ಪಟ್ಟಿ. ಪಟ್ಟಿಯ ಹಿಂದೆ ಒಂದು ಹೊಗೆ ಬಣ್ಣದ ಹೆಬ್ಬೆರಳ ಗುರುತು, ಒಲೆ ಮುಂದಿನ ಕೈಯದು. ಅದನ್ನು ಬೇರೆ ತೆಗೆದಿಟ್ಟೆ. ವಿಲ್ ಇರಲಿಲ್ಲ. ತಂಗಿಯ ಹೆಸರು ಬ್ಯಾಂಕಿನಲ್ಲಿ ಬರೆಸಿದರೆ ತಂಗಿಗೆ ಸೇರಿತು ಎಂದೇ ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ.

ಬುಧವಾರ ಇಟ್ಟಿಗಿಗೆ ಹೋದೆ.

ಮೈದುನ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಎಪ್ಪತ್ತರ ಆಸುಪಾಸು, ಗಟ್ಟಿ ಆಳು. ನನ್ನನ್ನು ಕಂಡದ್ದೇ ಎದ್ದು ನಿಂತು, “ಬರ್ರಿ ಸಿಸ್ಟರಮ್ಮಾರ, ಬರ್ರಿ” ಎಂದು, ಒಳಗೆ ತಿರುಗಿ ಹೆಂಡತಿಗೆ ಕೂಗಿದ. “ಏ, ಅತ್ತಿಗಿ ತಂಗಿ ಬಂದಾರ. ನೀರು ತಗೊಂಬಾ.”

ಅಕ್ಕನನ್ನು ಮಣ್ಣು ಮಾಡಿದ ದಿನ ಅವನು ಹಿಂದೆ ಎಲ್ಲೋ ನಿಂತಿದ್ದ. ನಾನು ಮಾತಾಡಿಸಿರಲಿಲ್ಲ. ನೀರು ಕುಡಿದು, ಬಂದ ವಿಷಯವನ್ನು ಐದು ನಿಮಿಷದಲ್ಲಿ ಹೇಳಿದೆ. ಎಷ್ಟು, ಎಲ್ಲಿದೆ, ಕಾಯ್ದೆ ಏನು, ಅದು ಯಾರದು. ಡ್ಯೂಟಿ ಬಿಡುವಾಗ ಮುಂದಿನ ನರ್ಸಿಗೆ ನಾನು ಕೊಡುತ್ತಿದ್ದ ವರದಿಯೂ ಹಾಗೆ, ಹೆಚ್ಚು ಕಡಿಮೆ ಇಲ್ಲ.

ಅವನು ಹಗ್ಗ ಕೆಳಗಿಟ್ಟ. ಹೆಂಡತಿ ಬಾಗಿಲಲ್ಲಿ ನಿಂತಿದ್ದವಳು ಸೆರಗು ಬಾಯಿಗೆ ಹಿಡಿದಳು.

“ಹದಿನೆಂಟ್ ಲಕ್ಷ? ರೊಟ್ಟಿ ಬಡದು?”

“ಹೌದ್ರಿ.”

“ನೋಡ ನಮ್ಮ ಅತ್ತಿಗಿ!” ಎಂದು ಹೆಂಡತಿಯ ಕಡೆ ತಿರುಗಿದ. ಅವನ ದನಿಯಲ್ಲಿ ಆಸೆಯಿರಲಿಲ್ಲ, ಹೆಮ್ಮೆಯಿತ್ತು. ಅದು ನನಗೆ ಚುಚ್ಚಿತು. ಯಾರ ಅತ್ತಿಗಿ? ಮೂವತ್ತೈದು ವರ್ಷ ಎಲ್ಲಿದ್ದೆಯಪ್ಪ?

ಕೇಳಿಯೇಬಿಟ್ಟೆ. “ಗಂಡ ಸತ್ತ ಮ್ಯಾಲೆ ಆಕೀನ ಮನಿಯಾಗ ಇಟ್ಗಳ್ಳಲಿಲ್ಲ ನೀವು. ಈಗ ನಮ್ಮ ಅತ್ತಿಗಿ ಅಂತೀರಿ.”

ಅವನು ಸಿಟ್ಟಾಗಲಿಲ್ಲ. ಹೆಂಡತಿ ಸಿಟ್ಟಾದಳು.

“ಯಾರ್ ಹೇಳಿದ್ರವ್ವ ನಿಮಗ? ನಮ್ಮತ್ತಿ ಕಾಲು ಹಿಡದು ಕೇಳಿದ್ಲು, ಇರು ಮಗಳ ಅಂತ. ಅಕ್ಕ ಒಪ್ಪಲಿಲ್ಲ. ನನ್ನ ಕೈಯಾಗ ದುಡದು ತಿಂತೀನಿ, ಈ ಮನಿಯಾಗ ಅವ್ರು ಇಲ್ದ ಅಡ್ಡಾಡಾಕ ನನ್ ಕೈಲೆ ಆಗಲ್ಲ ಅಂದ್ಲು. ತಾನಾಗೇ ಹೋದ್ಲು. ಈ ಮನಷ್ಯಾ ವರ್ಷಕ್ಕೆ ಎರಡು ಸರ್ತಿ ಜೋಳದ ಚೀಲ ಹೇರ್ಕೊಂಡು ಕೊಟ್ಟೂರಿಗೆ ಹೋಗಿ ಬರ್ತಿದ್ನಲ್ಲ, ಅದು ಯಾರಿಗೆ ಅಂತ ಮಾಡೀರಿ?”

“ಜೋಳ?”

“ನಮ್ಮ ಹೊಲದ್ದು,” ಎಂದ ಅವನು ಮೆಲ್ಲಗೆ. “ಅಣ್ಣನ ಪಾಲಿನ ಹೊಲ ಐತಲ್ಲ, ಅದರಾಗಿಂದು. ಅತ್ತಿಗಿ ರೊಕ್ಕ ಕೊಡಾಕ ಬರ್ತಿದ್ಲು, ನಾ ತಗಂತಿರಲಿಲ್ಲ. ಗುರುವಾರ ಹೋಗ್ತಿದ್ದೆ. ಆಕೀದು ಕೆಲಸ ಕಮ್ಮಿ ಇರ್ತಿತ್ತು ಗುರುವಾರ.”

ಗುರುವಾರ. ನನಗೆ ಗೊತ್ತಿದ್ದದ್ದು ಭಾನುವಾರ, ಅದರಲ್ಲೂ ತಿಂಗಳಿಗೊಂದು, ಅದರಲ್ಲೂ ಬೆಳಿಗ್ಗೆಯಿಂದ ಮೂರೂವರೆಯವರೆಗೆ. ಅಕ್ಕನ ಮನೆಯ ಮೂಲೆಯಲ್ಲಿ ಜೋಳದ ಚೀಲಗಳನ್ನು ನಾನು ಎಷ್ಟು ಸಲ ನೋಡಿಲ್ಲ? ಇಲಿ ಕಚ್ಚದಂತೆ ಹಲಗೆ ಮೇಲೆ ಇಡು ಎಂದು ಹೇಳಿದ್ದೆ. ಎಲ್ಲಿಂದ ಬಂತು ಎಂದು ಕೇಳಿರಲಿಲ್ಲ. ಅಕ್ಕ ಹೇಳಲೂ ಇಲ್ಲ. ಆ ಮನೆಯ ಹೆಸರೆತ್ತಿದರೆ ನನ್ನ ಮುಖ ಹೇಗಾಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು.

ಅವನು ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡ. ರೊಕ್ಕ ಬೇಡ ಎನ್ನುತ್ತಾನೆ ಎಂದು ನನ್ನ ಮನಸ್ಸು ಹೇಳಿತು. ನೀವೇ ಇಟ್ಟುಕೊಳ್ಳಿ ಸಿಸ್ಟರಮ್ಮ ಎನ್ನುತ್ತಾನೆ, ನಾನು ಒಂದೆರಡು ಸಲ ಒತ್ತಾಯ ಮಾಡುತ್ತೇನೆ, ಆಮೇಲೆ ಅಕ್ಕನ ರೊಕ್ಕ ನನ್ನಲ್ಲೇ ಉಳಿಯುತ್ತದೆ. ಬಸ್ಸಿನಲ್ಲಿ ಬರುವಾಗ ಇದನ್ನೇ ಬಯಸಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

“ತಗಂತೀನಿ,” ಎಂದ.

ಅವನ ಖಾತೆಯ ವಿವರ ಬರೆದುಕೊಳ್ಳಲು ನಾನು ಪೆನ್ನು ತೆಗೆದೆ.

“ಸಿಸ್ಟರಮ್ಮಾರ, ತಪ್ಪು ತಿಳ್ಕೋಬ್ಯಾಡ್ರಿ. ನನಗ ರೊಕ್ಕದ ಅಡಚಣಿ ಇಲ್ಲ. ಮಗ ಟ್ರ್ಯಾಕ್ಟರ್ ಬಿಡ್ತಾನ, ಮಳಿ ಬೆಳಿ ನಡದೈತಿ. ಆದ್ರ ಬ್ಯಾಡ ಅಂದ್ರ ಅತ್ತಿಗಿ ನಮ್ಮ ಮನಿಯಾಕಿ ಅಲ್ಲ ಅಂದಂಗ ಆತು. ಕಾಯ್ದೆನಾದ್ರೂ ಹೇಳೈತಲ್ಲ, ಆಕಿ ಈ ಮನಿಯಾಕಿ ಅಂತ. ಅಷ್ಟು ಸಾಕು ನನಗ. ತಗಂತೀನಿ.”

ನಾನೂ ಅದೇ ಕಾರಣಕ್ಕೆ ಆ ರೊಕ್ಕವನ್ನು ಬಯಸಿದ್ದೆ.

ಮುಂದಿನದೆಲ್ಲ ಕ್ರಮವಾಗಿ ಆಯಿತು. ಅವನೊಬ್ಬನೇ ಹಕ್ಕುದಾರ ಎಂಬುದಕ್ಕೆ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿದ. ವಕೀಲರು ಒಂದು ಸ್ವೀಕೃತಿ ಪತ್ರ ತಯಾರಿಸಿದರು, ನಾಮಿನಿಯಾಗಿ ನಾನು ಪಡೆದದ್ದನ್ನು ವಾರಸುದಾರನಾಗಿ ಅವನು ಪಡೆದಿದ್ದಾನೆ ಎಂದು. ಚಿಕ್ಕಪ್ಪನ ಮಗನಿಗೆ ಸುದ್ದಿ ಮುಟ್ಟಿತು. ಫೋನ್ ಮಾಡಿ, “ಅಕ್ಕಾ, ನಿನಗ ಹುಚ್ಚು ಗಿಚ್ಚು ಹಿಡದೈತೇನು? ಕೇಳಾಕ ಯಾರ್ ಬಂದಿದ್ರು?” ಎಂದ. “ಯಾರೂ ಬರಲಿಲ್ಲ, ಅದಕ್ಕ ನಾನ ಹೋದೆ” ಎಂದು ಇಟ್ಟೆ.

ಮೈದುನ ನಡುವೆ ಎರಡು ಸಲ ಫೋನ್ ಮಾಡಿದ. ಎರಡನೇ ಸಲ ಅವನ ದನಿ ಸಣ್ಣಗಿತ್ತು. “ಸಿಸ್ಟರಮ್ಮಾರ, ಇಷ್ಟು ರೊಕ್ಕ ಒಮ್ಮೆಗೇ ನಾ ಕಂಡಿಲ್ಲ. ಮಗ ಹೊಸಾ ಟ್ರ್ಯಾಕ್ಟರ್ ಅಂತಾನ. ಬೀಗರು ಹೊಸಪೇಟ್ಯಾಗ ಮಳಿಗಿ ಅಂತಾರ. ಏನ್ ಮಾಡಬೇಕು?”

“ಯಾರಾದ್ರೂ ಇವತ್ತ ಹಾಕಬೇಕು ಅಂದ್ರ ಇಲ್ಲ ಅನ್ರಿ,” ಎಂದೆ. ನನ್ನ ಹಾಳೆಯ ಒಂದು ನಕಲು ಬರೆದು ಕಳಿಸಿದೆ. ಹೆಸರಿನ ಜಾಗ ಮಾತ್ರ ತಿದ್ದಿದೆ. ಅವನಿಗೂ ಅರವತ್ತು ದಾಟಿದೆ, ಹಿರಿಯರ ಯೋಜನೆ ಅವನಿಗೂ ಆಗುತ್ತದೆ. ಕೆಳಗೆ ಒಂದು ಸಾಲು ಸೇರಿಸಿದೆ: ನಾಮಿನಿ ಬರೆಸಿದರೆ ಸಾಲದು, ವಿಲ್ ಬರೆಯಿರಿ. ಆ ವಾರವೇ ನಾನೂ ನನ್ನದನ್ನು ಬರೆದೆ, ಒಂದೂವರೆ ಪುಟ. ನಾನು ಓದಿದ ನರ್ಸಿಂಗ್ ಶಾಲೆಯ ಹುಡುಗಿಯರ ಹಾಸ್ಟೆಲಿಗೆ.

ತೊಂಬತ್ತೊಂದನೇ ದಿನ ಠೇವಣಿ ಬಡ್ಡಿಯ ಸಮೇತ ನನ್ನ ಖಾತೆಗೆ ಮರಳಿತು. ಬಡ್ಡಿಯೂ ಅವನದೇ. ಮರುದಿನ ಅವನು ತಾನೇ ಬರುತ್ತೇನೆಂದು ಹಗರಿಬೊಮ್ಮನಹಳ್ಳಿಗೆ ಬಂದ. ಬರುವ ಅಗತ್ಯವಿರಲಿಲ್ಲ, ಹಡಗಲಿಯ ಅವನ ಖಾತೆಯ ಸಂಖ್ಯೆ ನನ್ನಲ್ಲಿತ್ತು. “ಅತ್ತಿಗಿ ರೊಕ್ಕ, ಹಂಗ ಕಣ್ಣಿಗಿ ಕಾಣ್ದಂಗ ಬರಬಾರದು” ಎಂದ. ಇಸ್ತ್ರಿ ಮಾಡಿದ ಅಂಗಿ, ಹೊಸ ಟವೆಲ್ಲು.

ರೊಕ್ಕವನ್ನು ಅವನ ಖಾತೆಗೆ ವರ್ಗಾಯಿಸುವ ಆರ್.ಟಿ.ಜಿ.ಎಸ್. ಅರ್ಜಿ ತುಂಬಿದೆ. ಅವನ ಖಾತೆ ಸಂಖ್ಯೆಯನ್ನು ಪಾಸ್‌ಬುಕ್ಕಿನೊಂದಿಗೆ ಎರಡು ಸಲ ಹೋಲಿಸಿದೆ, ಮೂರನೇ ಸಲ ಅವನಿಂದ ಜೋರಾಗಿ ಓದಿಸಿದೆ. ಯಂತ್ರದಿಂದ ಟೋಕನ್ ತೆಗೆದೆ, ಐವತ್ಮೂರು. ಆಗ ನಡೆಯುತ್ತಿದ್ದದ್ದು ನಲವತ್ತೊಂದು. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತೆವು.

ಇನ್ನು ಹನ್ನೆರಡು ಜನ. ಆಮೇಲೆ ಅಕ್ಕನ ಗುರುತಿನದೆಂದು ನನ್ನ ಬಳಿ ಉಳಿಯುವುದು ಆ ಮಾತ್ರೆಗಳ ಪಟ್ಟಿಯೊಂದೇ. ಸುಮ್ಮನೆ ಕೂರಲು ಆಗಲಿಲ್ಲ.

“ಅಣ್ಣಾರ,” ಎಂದೆ. ಹಾಗೆ ಅವನನ್ನು ಎಂದೂ ಕರೆದಿರಲಿಲ್ಲ. “ಗುರುವಾರ ಹೋಗ್ತಿದ್ರಲ್ಲ. ಏನ್ ಮಾತಾಡ್ತಿದ್ಲು ನಮ್ಮಕ್ಕ?”

ಅವನು ಯೋಚಿಸಿದ. “ಮಾತಾಡೋದಕಿಂತ ನಗೋದ ಬಾಳ. ನಿಮ್ಮ ಸುದ್ದಿ ಹೇಳಿ ನಗ್ತಿದ್ಲು. ನನ್ನ ತಂಗಿ ಗಡಿಯಾರ ನುಂಗ್ಯಾಳ, ಹೊಟ್ಟ್ಯಾಗ ಟಿಕ್ ಟಿಕ್ ಅಂತೈತಿ ಅಂತಿದ್ಲು.”

ನನಗೆ ನಗು ಬಂತು. ಹಾಗೆ ನನ್ನೆದುರು ಅವಳು ಅಂದಿರಲಿಲ್ಲ.

“ಗಾಡಿ ಕಲ್ತಿದ್ದು ಹೇಳಿದ್ಲೇನು ನಿಮಗ?” ಎಂದ ಅವನು.

“ಯಾವ ಗಾಡಿ?”

“ಮೊಪೆಡ್ಡು. ನನ್ನದು. ಆಗ ಐವತ್ತರ ಮ್ಯಾಲೆ ವಯಸ್ಸು ಅತ್ತಿಗಿದು. ಖಾನಾವಳಿಗೆ ರೊಟ್ಟಿ ಒಯ್ಯಾಕ ಆಟೋಕ್ಕ ರೊಕ್ಕ ಸುರಿಯಾಕ್ ಹತ್ತೀನಿ, ನನಗ ಗಾಡಿ ಕಲ್ಸು ಅಂದ್ಲು. ನಾ ನಗಾಡಿದೆ. ಸಿಟ್ಟು ಬಂತು ಆಕಿಗೆ. ಸೀರಿ ಕಚ್ಚಿ ಹಾಕ್ಕೊಂಡು ಬಂದು ಕುಂತ ಬಿಟ್ಲು ನೋಡ್ರಿ ಗಾಡಿ ಮ್ಯಾಲೆ, ಊರ ಹೊರಗ, ಕಣದಾಗ...”

ಅವನು ಎರಡೂ ಕೈ ಮುಂದೆ ಚಾಚಿ ಹ್ಯಾಂಡಲ್ ಹಿಡಿದು ತೋರಿಸಿದ. ಅಕ್ಕ ಕಚ್ಚೆ ಹಾಕಿದ್ದನ್ನು ನಾನು ಕಲ್ಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಇನ್ನಷ್ಟು ಬೇಕಾಗಿತ್ತು.

“ಆಮ್ಯಾಲೆ?”

“ಆಮ್ಯಾಲೇನ್? ನಾ ಹಿಂದಿಂದ ಹಿಡಕೊಂಡು ಓಡಾಕತ್ತೀನಿ. ಬಿಡಬ್ಯಾಡೋ ಬಿಡಬ್ಯಾಡೋ ಅಂತಾಳ. ನಾ ಬಿಟ್ಟು ಆಗಲೇ ಹತ್ತು ಮಾರು ಆಗೈತಿ. ತಿರುಗಿ ನೋಡಿದ್ಲು, ನಾ ದೂರ ನಿಂತೀನಿ. ಆಗ ಏನ್ ಮಾಡಿದ್ಲು ಗೊತ್ತೇನು...”

ಮೇಲಿನ ಫಲಕದಲ್ಲಿ ಐವತ್ಮೂರು ಎಂದು ಬಂತು. ಗಂಟೆ ಹೊಡೆಯಿತು. ಅವನು ಮಾತು ನಿಲ್ಲಿಸಿ, ಟವೆಲ್ ಹೆಗಲಿಗೆ ಹಾಕಿ, ಎದ್ದ. “ನಮ್ಮದು ಬಂತ್ರಿ.”

ಕೌಂಟರಿನಿಂದ ಅಧಿಕಾರಿ ಹುಡುಗಿಯೂ ನನ್ನತ್ತ ನೋಡಿ ಕೈ ಮಾಡಿದಳು. ಸರದಿಯನ್ನು ಬಿಟ್ಟುಕೊಟ್ಟ ನೆನಪು ನನಗಿಲ್ಲ, ಆಸ್ಪತ್ರೆಯಲ್ಲಾಗಲಿ ಬಸ್ಸಿನಲ್ಲಾಗಲಿ. ಪಕ್ಕದಲ್ಲಿ ಐವತ್ನಾಲ್ಕರ ಚೀಟಿ ಹಿಡಿದ ಹೆಂಗಸು ಕಾಯುತ್ತಿದ್ದಳು. “ನೀವು ಹೋಗವ್ವ,” ಎಂದೆ.

“ಕುಂದರ್ರಿ ಅಣ್ಣಾರ,” ಎಂದೆ ಅವನಿಗೆ. “ಇನ್ನೊಂದು ಚೀಟಿ ತಗಸಿದ್ರಾತು. ಆಮ್ಯಾಲೆ ಏನ್ ಮಾಡಿದ್ಲು?”